ಅಹಲ್ಯಾಬಾಯಿಯ ಲೋಟ

ವಾದಿರಾಜ ಒಬ್ಬನೇ ಕೂತು ಓದಿದರೆ ಪಂಡಿತ, ಎದುರಿಗೆ ಯಾರಾದರೂ ಪ್ರಶ್ನೆ ಕೇಳಿದರೆ ಮೂಕ. ರಾಯಚೂರು ಪುರಸಭೆಯ ಆಹಾರ ತಪಾಸಣಾಧಿಕಾರಿ ಹುದ್ದೆಗೆ ನಾಳಿದ್ದು ಮೌಖಿಕ ಪರೀಕ್ಷೆ. ಅದು ತಪ್ಪಿದರೆ ಬಸುರಿ ಹೆಂಡತಿಯನ್ನು ಮಾನ್ವಿಯ ತವರಿನಲ್ಲಿ ಬಿಟ್ಟು, ತಾನೊಬ್ಬನೇ ಹೈದರಾಬಾದಿಗೆ ಕೆಲಸ ಹುಡುಕಿ ಹೋಗಬೇಕು. ಹಾಗಾಗಿ ಹೆಂಡತಿ ಅಹಲ್ಯಾಬಾಯಿಯೇ ಪರೀಕ್ಷಕಳಾಗಿ ಮಣೆಯ ಮೇಲೆ ಕೂತಿದ್ದಳು.

“ಹಾಲಿನ ಮಾದರಿ ಹ್ಯಾಂಗ ತಗೋತೀರಿ?”

“ಮೊದಲು ಚಂದಾಗಿ ಕಲಕತೀನಿ. ಹಾಲು ಮಾರಾಕಿ ಎದುರಿಗೇ ಮೂರು ಪಾಲು ಮಾಡಿ, ಶೀಷೆದಾಗ ಹಾಕಿ, ಅರಗಿನ ಮುದ್ರಿ ಒತ್ತತೀನಿ. ಒಂದು ಪ್ರಯೋಗಾಲಯಕ್ಕ, ಒಂದು ನನ್ನ ಹತ್ರ...”

ಮೂರನೆಯದು ಯಾರಿಗೆಂದು ಅವನಿಗೆ ಪ್ರತಿಸಲವೂ ಮರೆಯುತ್ತಿತ್ತು.

“ಮಾರಾಕಿಗೇ ಕೊಡಬೇಕಲ್ರೀ!”

“ಆಕಿಗ್ಯಾಕ ಬೇಕು ಅದು?” ಎಂದು ಗೊಣಗಿದ.

ಸ್ನೇಹಿತನಿಂದ ಎರವಲು ತಂದ, ಹಾಲಿನ ಗಟ್ಟಿತನ ಅಳೆಯುವ ಲ್ಯಾಕ್ಟೋಮೀಟರ್ ಹೊರಗೆ ತೆಗೆದ. ರಾತ್ರಿಯ ಹಾಲು ಕುಡಿದು ತನ್ನ ಲೋಟ ಆಗಲೇ ಖಾಲಿ. ಹೆಂಡತಿಯ ಲೋಟದಲ್ಲಿ ಹಾಲು ಆರಿತ್ತು, ಅದರಲ್ಲೇ ಇಳಿಬಿಟ್ಟ. ಗಾಜಿನ ಕಡ್ಡಿ ಶುದ್ಧ ಹಾಲಿನ ಗುರುತು ದಾಟಿ ಕೆಳಗೆ ಮುಳುಗಿತು. ಅಂದರೆ ನೀರು! ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ? ಅಹಲ್ಯಾ ಏನೋ ಹೇಳಲು ಬಂದಳು. ಸಿಟ್ಟಿಗೆದ್ದ ಗಂಡಸರಿಗೆ ಕಿವಿ ಎಲ್ಲಿರುತ್ತದೆ!

ಬೆಳಿಗ್ಗೆ ಹಾಲಿನ ಮೂಕಮ್ಮ ಬಂದದ್ದೇ ತಡ, “ಬಸುರಿ ಹೆಂಗಸಿಗೆ ನೀರು ಕುಡಸ್ತೀಯೇನು?” ಎಂದು ಮೈಮೇಲೆ ಏರಿಹೋದ.

ಮೂಕಮ್ಮ ಗಿಂಡಿ ಮುಂದಿಟ್ಟಳು. “ನೋಡ್ರಿ ಯಪ್ಪಾ.”

ಕಲಕಿ, ಆರಿಸಿ ನೋಡಿದ. ಕಡ್ಡಿ ಗುರುತಿಗೆ ಸರಿಯಾಗಿ ನಿಂತಿತು.

“ಇದು ಇವತ್ತಿಂದು. ನಿನ್ನಿದು?”

“ನಿನ್ನಿದು ನಿಮ್ಮ ಮನ್ಯಾಗ ಉಳೀತಲ್ರಿ. ತೋರಿಸಾಕ ನನ್ನ ಕೈಯಾಗ ಏನೈತಿ?” ಎಂದು ಮೂಕಮ್ಮ ಕಣ್ಣೊರೆಸಿಕೊಂಡಳು.

ಅಡುಗೆಮನೆಯಿಂದ ಅಹಲ್ಯಾ ಓಡಿಬಂದಳು. “ಆಕಿನ್ನ ಬೈಬ್ಯಾಡ್ರಿ. ನನ್ನ ಲೋಟಕ್ಕ ನೀರು ಹಾಕಿದಾಕಿ ನಾನು. ಓದಾವ್ರು ನೀವು, ಗಟ್ಟಿ ಹಾಲು ನಿಮಗ ಬೇಕಂತ...”

ವಾದಿರಾಜನಿಗೆ ನಾಚಿಕೆಯೂ ಆಯಿತು, ದುಃಖವೂ ಬಂತು. “ತಪ್ಪಾತವ್ವಾ” ಎಂದು ಮೂಕಮ್ಮನಿಗೆ ಕೈಮುಗಿದ.

ಮರುದಿನ ಪರೀಕ್ಷೆಗೆ ಕೂತಿದ್ದ ಡಾಕ್ಟರ್ ಖಾಸಿಂ ಸಾಬ್ ಉರ್ದುವಿನಲ್ಲಿ ಅದನ್ನೇ ಕೇಳಿದರು: “ಮಾರುವವರಿಗೂ ಒಂದು ಪಾಲು ಯಾಕೆ ಕೊಡಬೇಕು?”

ಈ ಸಲ ಬಾಯಿ ಒಣಗಲಿಲ್ಲ. “ಅವರ ಕೈಯಲ್ಲೂ ಸಾಕ್ಷಿ ಇರಬೇಕು ಸಾಹೇಬರೇ. ಇಲ್ಲದಿದ್ದರೆ ಆಮೇಲೆ ಯಾರು ನೀರು ಹಾಕಿದರೂ ಕಳ್ಳರಾಗುವವರು ಅವರೇ.”

“ಯಾವ ಪುಸ್ತಕದಲ್ಲಿ ಓದಿದಿರಿ?”

“ಓದಿದ್ದಲ್ಲ. ನಮ್ಮ ಮನೆಯಲ್ಲೇ ಆಯಿತು.”

ಸಂಜೆಗೆ ನೌಕರಿ ಸಿಕ್ಕ ಸುದ್ದಿ ಬಂತು. ವಾದಿರಾಜ ತಾನೇ ಹಾಲು ಕಲಕಿ ಎರಡು ಲೋಟಕ್ಕೆ ಸಮನಾಗಿ ಸುರಿದ. ಹೆಂಡತಿಯ ಲೋಟದಲ್ಲಿ ಲ್ಯಾಕ್ಟೋಮೀಟರ್ ಇಳಿಬಿಟ್ಟ.

“ನನ್ನ ಮ್ಯಾಲೆ ನಂಬಿಕಿ ಇಲ್ಲೇನು?” ಅಹಲ್ಯಾ ನಕ್ಕಳು.

“ಎಲ್ಲಾದರಾಗೂ ಅದ. ಹಾಲಿನಾಗ ಮಾತ್ರ ಇಲ್ಲ. ನನ್ನೆದುರಿಗೇ ಕುಡಿ.”

ಅವಳು ಕುಡಿದು ಮುಗಿಸುವವರೆಗೂ ಅವನು ತನ್ನ ಲೋಟ ಮುಟ್ಟಲಿಲ್ಲ.