ಅಕ್ಕನೂ ಅಳಿಯನೂ ಓದುವ ಹಾಗೆ

ಲೇಬಲ್ ಪ್ರೆಸ್ಸಿನಲ್ಲಿ ಅವಳನ್ನು ಎಲ್ಲರೂ ಟೀಚರಮ್ಮ ಎನ್ನುತ್ತಿದ್ದರು. ಒಂದು ದಿನವೂ ಪಾಠ ಮಾಡಿದವಳಲ್ಲ. ಗಿರಾಕಿಗಳಿಗೆ ಹೋಗುವ ಪ್ರತಿ ಇಮೇಲನ್ನೂ ಅವಳೇ ಬರೆಯಬೇಕು, ಬೇರೆಯವರು ಬರೆದದ್ದನ್ನು ಅವಳೇ ತಿದ್ದಬೇಕು, ಅದಕ್ಕೇ ಆ ಹೆಸರು ಅಂಟಿಕೊಂಡಿತ್ತು. ಕಳಿಸುವ ಗುಂಡಿ ಒತ್ತುವ ಮುಂಚೆ ಮೂರು ಸಲ ಓದುವಳು, ಒತ್ತಿದ ಮೇಲೆ ಏನಾದರೂ ತಪ್ಪಾಯಿತೇ ಎಂಬ ಭಯದಿಂದ ನಾಲ್ಕನೇ ಸಲ ಓದುವಳು.

ಈ ಭಯವಿಲ್ಲದೆ ಬರೆಯುತ್ತಿದ್ದದ್ದು ಒಬ್ಬರಿಗೆ ಮಾತ್ರ, ಸೋಪಕ್ಕನಿಗೆ. ಊರಾಚೆ ದ್ರವಸೋಪು ತಯಾರಿಸುವ ಕಾರ್ಖಾನೆಯ ಒಡತಿ. ಪ್ರೆಸ್ಸಿಗೆ ಒಂದೇ ಯಂತ್ರವಿದ್ದ ಕಾಲದಿಂದಲೂ ಅವರ ಬಾಟಲಿಗಳ ಲೇಬಲ್ ಇಲ್ಲೇ ಅಚ್ಚಾಗುತ್ತಿತ್ತು. ಫೋನಿನ ಸಂದೇಶಗಳ ಹರಟೆಯ ನಡುವೆ ಎಲ್ಲೋ ಒಂದು ಕಡೆ ಆರ್ಡರ್ ಬರುತ್ತಿತ್ತು. 'ಅಕ್ಕಾ, ನೆಗಡಿ ಹೋಯ್ತಾ? ಹಸಿರು ಹೋದ ಸಲದ್ದೇ ಹಾಕಲಾ?' ಎಂದು ಇವಳು. 'ಹಾಕು. ನೆಗಡಿ ಹೋಗಿ ಕೆಮ್ಮು ಬಂತು ಕಣೆ' ಎಂದು ಅವರು. ವ್ಯಾಪಾರ ಅಂದರೆ ಅಷ್ಟೇ ಆಗಿತ್ತು.

ಈ ವರ್ಷ ಸೋಪಕ್ಕನ ಮಗಳ ಗಂಡ ಕಾರ್ಖಾನೆಯ ವ್ಯವಹಾರ ನೋಡಿಕೊಳ್ಳಲು ಬಂದ. ಎಲ್ಲ ಮಾತೂ ಇನ್ನು ಮೇಲ್‌ನಲ್ಲೇ ಆಗಬೇಕು, ಕಾರ್ಖಾನೆಯ ಒಂದೇ ವಿಳಾಸಕ್ಕೆ ಬರಬೇಕು ಎಂದು ನಿಯಮ ಮಾಡಿದ. ಟೀಚರಮ್ಮ ವಿಳಾಸ ಬದಲಿಸಿದಳು, ಅಭ್ಯಾಸ ಬದಲಿಸಲಿಲ್ಲ. ಹಳೆಯ ಕಾಗದ ಇನ್ನು ಸಿಗುವುದಿಲ್ಲ, ಹೊಸದರಲ್ಲಿ ಅಚ್ಚು ಹಾಕಬೇಕು ಎಂದು ತಿಳಿಸುವ ಮೇಲ್‌ನ ಕೊನೆಗೆ, ಅಕ್ಕ ಹಿಂದೊಮ್ಮೆ ಹೇಳಿಕೊಂಡದ್ದನ್ನು ನೆನೆದು, ಫೋನಿನಲ್ಲಿ ಬರೆದಷ್ಟೇ ಸಲೀಸಾಗಿ, 'ಅಳಿಯಂದಿರ ಮುನಿಸು ಇಳೀತಾ ಅಕ್ಕಾ? ಬಿಡಿ, ಹೊಸದರಲ್ಲಿ ಎಲ್ಲರೂ ಹಾಗೇ ಹಾರಾಡ್ತಾರೆ' ಎಂದು ಸೇರಿಸಿ ಕಳಿಸಿಬಿಟ್ಟಳು.

ಆ ವಿಳಾಸಕ್ಕೆ ಬಂದ ಮೇಲ್‌ಗಳನ್ನು ಮೊದಲು ತೆರೆಯುವವನು ಅಳಿಯನೇ.

ಅವನು ಜಗಳಕ್ಕೆ ಬರಲಿಲ್ಲ. ಪ್ರೆಸ್ಸಿನ ಯಜಮಾನರಿಗೆ ಫೋನ್ ಮಾಡಿ, "ಸಾರ್, ನನ್ನ ಮುನಿಸು ಇಳಿದಿದೆ ಅಂತ ಹೇಳಿ. ಹಾರಾಟ ಇನ್ನೂ ನಡೀತಿದೆ. ಹೊಸ ಕಾಗದದ ಪ್ರೂಫ್ ಯಾವಾಗ ಕಳಿಸ್ತೀರಿ?" ಎಂದನಂತೆ. ಯಜಮಾನರು ಗಾಜಿನ ಕೋಣೆಯಿಂದ ಹೊರಬಂದು ಅವಳ ಮೇಜಿನ ಮುಂದೆ ನಿಂತರು.

"ಏನಮ್ಮಾ ಇದು? ಅವರ ಮನೆ ಪಂಚಾಯ್ತಿ ನಮಗ್ಯಾಕೆ?"

"ಅಕ್ಕ ಓದ್ತಾರೆ ಅಂದ್ಕೊಂಡೆ ಸಾರ್."

"ಅಕ್ಕ ಇಲ್ಲ, ತಂಗಿ ಇಲ್ಲ. ಇನ್ಮೇಲೆ ಮಾನ್ಯರೇ ಅಂತ ಶುರು, ವಂದನೆಗಳು ಅಂತ ಮುಕ್ತಾಯ. ಮಧ್ಯೆ ಕೆಲಸ."

ಇಡೀ ಮಧ್ಯಾಹ್ನ ಹಾರಾಟದ ಆ ವಾಕ್ಯ ಅವಳ ತಲೆಯೊಳಗೆ ಗಿರಕಿ ಹೊಡೆಯಿತು. ಪ್ರೂಫ್ ಸಿದ್ಧವಾದ ದಿನ ಅವಳು ಬರೆದ ಮೇಲ್‌ನಲ್ಲಿ ಒಂದು ಸುಕ್ಕೂ ಇರಲಿಲ್ಲ.

'ಮಾನ್ಯರೇ, ಹಳೆಯ ಕಾಗದ ಲಭ್ಯವಿಲ್ಲದ ಕಾರಣ ಹೊಸ ಕಾಗದದ ಪ್ರೂಫ್ ಕಳುಹಿಸಲಾಗಿದೆ. ಗುರುವಾರದೊಳಗೆ ಲಿಖಿತ ಒಪ್ಪಿಗೆ ನೀಡದಿದ್ದಲ್ಲಿ ತಮ್ಮ ಮುದ್ರಣದ ಸರದಿ ರದ್ದಾಗುವುದು. ವಂದನೆಗಳು.'

ಯಜಮಾನರು ನೋಡಿ ತಲೆದೂಗಿದರು. "ಇದು ನೋಡು, ಇದು ಮೇಲ್ ಅಂದ್ರೆ."

ಉತ್ತರ ಬರಲಿಲ್ಲ. ಮಾರನೇ ದಿನವೂ ಇಲ್ಲ. ಅಳಿಯನ ಕಚೇರಿಗೆ ಫೋನ್ ಮಾಡಿದರೆ, ಲೇಬಲ್ಲಿನ ಬಣ್ಣದ ವಿಷಯ ಅತ್ತೆಯವರೇ ನೋಡಬೇಕು, ಅವರು ಪ್ರೂಫಿನ ಕವರನ್ನೇ ಒಡೆದಿಲ್ಲ ಎಂದ. ಆಮೇಲೆ, ಮೆಲ್ಲಗೆ, "ಬೇರೆ ಪ್ರೆಸ್ಸಿಂದ ಒಂದು ಸ್ಯಾಂಪಲ್ ತರಿಸು ಅಂದಿದ್ದಾರೆ. ನಿಮಗೆ ತಿಳಿಸಿದೆ ಅಂತ ಹೇಳ್ಬೇಡಿ" ಎಂದ.

ಸೋಪಕ್ಕ ಹೋದರೆ ಎರಡನೇ ಪಾಳಿಯ ಯಂತ್ರ ನಿಲ್ಲುತ್ತದೆ, ಇದು ಪ್ರೆಸ್ಸಿನಲ್ಲಿ ಎಲ್ಲರಿಗೂ ಗೊತ್ತು. ಆದರೆ ಅವಳಿಗೆ ಮೊದಲು ಹೊಳೆದದ್ದು ಯಂತ್ರವಲ್ಲ. ಇಷ್ಟು ವರ್ಷ ತನ್ನನ್ನು ಕಣೆ, ಹೋಗೆ ಎಂದವರು ಒಂದು ಮೇಲ್‌ನಿಂದ ದೂರವಾದರೇ ಎಂಬುದು.

ಊಟದ ಹೊತ್ತಿಗೆ ಕಾಗದದ ಸುರುಳಿಗಳ ಹಿಂದೆ ಹೋಗಿ ನಿಂತು ಫೋನ್ ಮಾಡಿದಳು.

"ಅಕ್ಕಾ..."

"ಹೇಳಿ ಮೇಡಂ," ಎಂದರು ಸೋಪಕ್ಕ.

ಆ ಒಂದು ಮೇಡಂ ಸಾಕಾಯಿತು. "ಅಕ್ಕಾ, ಯಾಕೆ ಹಿಂಗೆ ಮಾತಾಡ್ತಿದ್ದೀರಾ?"

"ನಾನೆಲ್ಲಿ ಮಾತಾಡಿದೆ? ಮಾತಾಡಿದ್ದು ನೀನು. ಮಾನ್ಯರೇ ಅಂತೆ. ನಾನು ಯಾವತ್ತಿಂದ ಮಾನ್ಯಳಾದೆ? ಒಪ್ಪಿಗೆ ಕೊಡದಿದ್ರೆ ರದ್ದಂತೆ! ಬಾಡಿಗೆಮನೆ ಖಾಲಿ ಮಾಡ್ಸೋರೂ ಇದಕ್ಕಿಂತ ಮೆತ್ತಗೆ ಬರೀತಾರೆ. ನಾವು ಬೇಡ ಅಂದ್ರೆ ಬಾಯಿಬಿಟ್ಟು ಹೇಳಿ, ಹೋಗ್ತೀವಿ."

"ಅಯ್ಯೋ ಅಕ್ಕಾ, ಮೊದಲಿನ ಮೇಲ್ ಕೊನೇಲಿ ಅಳಿಯಂದಿರ ಹಾರಾಟ ಅಂತ ಬರೆದಿದ್ದೆ, ಅದನ್ನ ನೋಡಿ ನಿಮ್ಮ ಅಳಿಯ ಫೋನ್ ಮಾಡಿದ್ರು. ಯಜಮಾನರು ಬೈದ್ರು. ಅದಕ್ಕೆ..."

ಆ ಕಡೆಯಿಂದ ನಗು, ಒತ್ತಿ ಹಿಡಿದು ಹಿಡಿದು ಕೊನೆಗೆ ಕೈತಪ್ಪಿದ ನಗು. "ಹಾರಾಟದ್ದು ಓದಿದ್ನಾ? ನಂಗೆ ತೋರಿಸ್ಲೇ ಇಲ್ಲ ಮಹಾರಾಯ! ಅದಕ್ಕೇ ಎರಡು ದಿನ ಅಷ್ಟು ಮೆತ್ತಗಿದ್ದ."

"ಹಾಗಾದ್ರೆ ಪ್ರೂಫ್ ಒಪ್ಪಿಗೇನಾ ಅಕ್ಕಾ?"

"ಬಾಯಲ್ಲಿ ಹೇಳಿದ್ರೆ ಅವನು ಒಪ್ಪಲ್ಲ, ಬರಹದಲ್ಲೇ ಬೇಕು ಅಂತಾನೆ. ತಪ್ಪೇನೂ ಅಲ್ಲ ಬಿಡು, ಹೋದ ವರ್ಷ ಮುಚ್ಚಳದ ಬಣ್ಣ ಫೋನಲ್ಲಿ ಹೇಳಿ ನಾನೇ ಎಡವಟ್ಟು ಮಾಡ್ಕೊಂಡಿದ್ದೆ. ಆದ್ರೆ ಈ 'ರದ್ದಾಗುವುದು' ಅನ್ನೋ ಮೇಲ್‌ಗೆ ನಾನು ಉತ್ತರ ಬರೆಯೋಳಲ್ಲ. ಇನ್ನೊಂದು ಬರಿ. ಅವನು ಓದಿದ್ರೂ ಸರಿ ಇರ್ಬೇಕು, ನಾನು ಓದಿದ್ರೂ ಸರಿ ಇರ್ಬೇಕು. ಇನ್ನೊಂದು ಪ್ರೆಸ್ಸಿಗೂ ಹೇಳಿದ್ದೀನಿ, ಅವರ ಸ್ಯಾಂಪಲ್ ನಾಳೆ ಬರತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ತೀನಿ. ನಿನ್ನ ಮುಖ ನೋಡಿ ಆರ್ಡರ್ ಕೊಡೋ ಕಾಲ ಹೋಯ್ತು ಕಣೆ, ಈಗ ಲೆಕ್ಕ ಕೇಳೋರಿದ್ದಾರೆ."

ಕಣೆ ಮರಳಿ ಬಂದಿತ್ತು. ಆದರೂ ಕೆಲಸ ಹಗುರವಾಗಲಿಲ್ಲ.

ಟೀಚರಮ್ಮ ಮೇಜಿಗೆ ಬಂದು ಕುಳಿತಳು. 'ಪ್ರೀತಿಯ ಅಕ್ಕ' ಎಂದು ಬರೆದು ಅಳಿಸಿದಳು. ಅದನ್ನು ಅಳಿಯ ಓದುತ್ತಾನೆ, ಆಮೇಲೆ ಅವರ ಲೆಕ್ಕಿಗರೂ ಓದುತ್ತಾರೆ. 'ಮಾನ್ಯರೇ' ಎಂದು ಬರೆಯಲು ಬೆರಳೇ ಏಳಲಿಲ್ಲ. 'ಕ್ಷಮಿಸಿ, ಮನಸ್ಸಿಗೆ ನೋವಾಗಿದ್ದರೆ' ಎಂದು ಒಂದು ಸಾಲು ಬರೆದಳು. ಫೋನಿನಲ್ಲಿ ಮುಗಿದ ಮಾತು ಕಡತದಲ್ಲಿ ಯಾಕೆ ಉಳಿಯಬೇಕು ಎನಿಸಿ ಅದನ್ನೂ ತೆಗೆದಳು. ನೆಗಡಿ, ಕೆಮ್ಮು, ಮೊಮ್ಮಗನ ಹಲ್ಲು, ಒಂದನ್ನೂ ಇಲ್ಲಿಡುವಂತಿಲ್ಲ. ಅವನ್ನೆಲ್ಲ ತೆಗೆದರೆ ಉಳಿಯುವುದು ಆ ಬಾಡಿಗೆಮನೆಯ ನೋಟೀಸೇ.

ಕಣ್ಣು ಉರಿಯುತ್ತಿತ್ತು. ಕುತ್ತಿಗೆ ಕಲ್ಲಾಗಿತ್ತು. ಮುಖ ತೊಳೆಯಲು ಹಿಂದಿನ ತೊಟ್ಟಿಗೆ ಹೋದಾಗ ಅಕ್ಕ ಪ್ರತಿ ಸಲ ಆಡುವ ಒಂದೇ ದೂರು ನೆನಪಾಯಿತು: ಸೋಪಿನ ಬಾಟಲಿ ಹಿಡಿಯುವುದೇ ಒದ್ದೆ ಕೈಯಲ್ಲಿ, ನಿಮ್ಮ ಲೇಬಲ್ಲಿನ ಅಂಚು ಮಾತ್ರ ವಾರಕ್ಕೇ ಬಾಯಿ ಬಿಡುತ್ತೆ. ಹಳೆಯ ಕಾಗದದಲ್ಲಿ ಅದಕ್ಕೆ ಮದ್ದಿರಲಿಲ್ಲ. ಹೊಸದರಲ್ಲಿ?

ಕಪಾಟಿನಲ್ಲಿದ್ದ ಸೋಪಕ್ಕನ ಖಾಲಿ ಬಾಟಲಿಗಳನ್ನು ತಂದಳು. ಒಂದಕ್ಕೆ ಹಳೆಯ ಲೇಬಲ್, ಇನ್ನೊಂದಕ್ಕೆ ಹೊಸದು ಅಂಟಿಸಿ ತೊಟ್ಟಿಯ ನೀರಿಗಿಟ್ಟಳು. ಬಂದು ಹೋಗುವಾಗಲೆಲ್ಲ ಸೋಪು ಸವರಿದ ಕೈಯಿಂದ ಉಜ್ಜಿದಳು. ಯಂತ್ರ ನಡೆಸುವ ಮಾವ (ಅವನು ಯಾರಿಗೂ ಮಾವನಲ್ಲ, ಎಲ್ಲರಿಗೂ ಮಾವ) ನೋಡಿ, "ಟೀಚರಮ್ಮಾ, ಮೇಲ್ ಬರೆಯೋದು ಬಿಟ್ಟು ಪಾತ್ರೆ ತಿಕ್ಕೋಕೆ ಶುರು ಮಾಡಿದ್ರಾ?" ಎಂದ.

"ಸಂಬಳ ಒಂದೇ ಅಲ್ವಾ ಮಾವ."

ಸಂಜೆಗೆ ಹಳೆಯ ಲೇಬಲ್ಲಿನ ಮೂಲೆ ಎದ್ದಿತ್ತು. ಹೊಸದು ಕೂತಲ್ಲೇ ಕೂತಿತ್ತು. ಆದರೆ ಅದರ ಹಸಿರು ಹಳೆಯದಕ್ಕಿಂತ ತುಸು ಮಂಕು. ಕಿಟಕಿಯ ಬಳಿ ಹಿಡಿದರೆ ಯಾರಿಗಾದರೂ ಕಾಣುತ್ತದೆ, ಸೋಪಕ್ಕನಿಗಂತೂ ಕಾಣದೇ ಇರದು. ಬರೆಯಬೇಕಾದದ್ದು ಏನು ಎಂದು ಆಗ ತಿಳಿಯಿತು.

'ನಮಸ್ಕಾರ ಅಕ್ಕ,

ನಾವು ನಿಮಗೆ ಮುದ್ರಿಸುತ್ತಿದ್ದ ಕಾಗದ ಈಗ ತಯಾರಾಗುತ್ತಿಲ್ಲ. ಹೊಸ ಕಾಗದದ ಪ್ರೂಫ್ ನಿಮ್ಮ ಬಳಿ ಇದೆ. ಒದ್ದೆ ಕೈಗೆ ಅಂಚು ಏಳುತ್ತದೆ ಎಂದು ನೀವು ಮೊದಲಿನಿಂದ ಹೇಳುತ್ತಿದ್ದಿರಿ. ಅದಕ್ಕಾಗಿ ಎರಡೂ ಲೇಬಲ್ಲುಗಳನ್ನು ನಿಮ್ಮ ಬಾಟಲಿಗೇ ಅಂಟಿಸಿ ಮಧ್ಯಾಹ್ನದಿಂದ ಸಂಜೆಯವರೆಗೆ ನೀರಿನಲ್ಲಿಟ್ಟು ನೋಡಿದೆವು. ಹೊಸದರ ಅಂಚು ಎದ್ದಿಲ್ಲ. ಚಿತ್ರ ಲಗತ್ತಿಸಿದೆ.

ಒಂದು ಕೊರತೆ ಇದೆ. ಈ ಕಾಗದದಲ್ಲಿ ಹಸಿರು ಸ್ವಲ್ಪ ಮಂಕಾಗಿ ಬರುತ್ತದೆ. ದಯವಿಟ್ಟು ಹಗಲು ಬೆಳಕಿನಲ್ಲಿ ನೋಡಿ ನಿರ್ಧರಿಸಿ.

ಗುರುವಾರ ಮಧ್ಯಾಹ್ನದೊಳಗೆ ಈ ಮೇಲಿಗೆ ನಿಮ್ಮ ಒಪ್ಪಿಗೆ ಬಂದರೆ ಶುಕ್ರವಾರ ಅಚ್ಚಿಗೆ ಹಾಕುತ್ತೇವೆ. ಇನ್ನೂ ಸಮಯ ಬೇಕಿದ್ದರೆ ತಿಳಿಸಿ. ಅದರ ನಂತರ ಯಂತ್ರ ಖಾಲಿಯಾಗುವುದು ಮುಂದಿನ ಬುಧವಾರ, ಅದನ್ನು ನಿಮಗಾಗಿ ಇಟ್ಟುಕೊಳ್ಳುತ್ತೇವೆ.

ಇಷ್ಟು ವರ್ಷದ ನಂಬಿಕೆಗೆ ವಂದನೆಗಳು.'

ಯಜಮಾನರು ಅವಳ ಹೆಗಲ ಮೇಲಿಂದ ಬಗ್ಗಿ ಓದಿದರು. "ಅಕ್ಕ ಬೇಡ ಅಂದಿದ್ದೆ."

"ಅವರನ್ನ ಊರೆಲ್ಲ ಅಕ್ಕ ಅಂತಾನೇ ಕರೆಯೋದು ಸಾರ್, ಅಳಿಯನ ಕಚೇರಿಯವರೂ ಹಾಗೇ ಅಂತಾರೆ. ಅದರಲ್ಲಿ ಗುಟ್ಟೇನಿಲ್ಲ."

"ಮಂಕು ಅಂತ ನಾವೇ ಯಾಕೆ ಹೇಳ್ಬೇಕು?"

"ನಾವು ಹೇಳಿದ್ರೆ ಸ್ನೇಹ. ಅವರೇ ಕಂಡುಹಿಡಿದ್ರೆ ಮೋಸ."

ಯಜಮಾನರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಗಡುವು ಇನ್ನೂ ಇದೆ ತಾನೇ?"

"ಅದೇ ಗಡುವು ಸಾರ್. ಹೆದರಿಸೋದು ಮಾತ್ರ ತೆಗೆದೆ."

"ಕಳಿಸು."

ಗುರುವಾರ ಬೆಳಗ್ಗೆಯಿಂದ ಉತ್ತರಕ್ಕೆ ಕಾದದ್ದು ಬಿಟ್ಟರೆ ಮಾಡಿದ ಬೇರೆ ಯಾವ ಕೆಲಸವೂ ಅವಳಿಗೆ ನೆನಪಿಲ್ಲ. ಮಾವ ಎರಡು ಸಲ ಬಂದು ಶುಕ್ರವಾರದ ಸರದಿ ಯಾರಿಗೆ ಎಂದು ಕೇಳಿ ಹೋದ. ಊಟದ ಡಬ್ಬಿ ತೆರೆಯದೇ ಉಳಿಯಿತು. ಗಡುವು ಇನ್ನೇನು ಹತ್ತಿರವಾದಾಗ ಉತ್ತರ ಬಂತು.

'ಹಗಲು ಬೆಳಕಿನಲ್ಲಿ ನೋಡಿದೆ. ಹಸಿರು ಮಂಕೇ. ಇನ್ನೊಂದು ಪ್ರೆಸ್ಸಿನದು ಹೊಳೆಯುತ್ತಿತ್ತು, ತೊಟ್ಟಿಗೆ ಹಾಕಿದರೆ ಒಂದೇ ದಿನಕ್ಕೆ ಬಿಟ್ಟುಕೊಂಡಿತು. ಹೊಸ ಕಾಗದಕ್ಕೆ ನನ್ನ ಒಪ್ಪಿಗೆ ಇದೆ. ಮುದ್ರಿಸಿ.' ಕೆಳಗೆ ಅಳಿಯನ ಒಂದು ಸಾಲು: ಒಪ್ಪಿಗೆಯನ್ನು ಕಡತಕ್ಕೆ ಸೇರಿಸಿದೆ.

ಅವಳು ಮಾವನಿಗೆ ಕೈ ಎತ್ತಿ ತೋರಿಸಿದಳು. ಒಳಗೆ ಮರುದಿನದ ಅಚ್ಚಿಗಾಗಿ ಯಂತ್ರಕ್ಕೆ ಸುರುಳಿ ಏರಿಸುವ ಸದ್ದು ಶುರುವಾಯಿತು. ಸಂತೋಷಪಡಬೇಕು ಎನ್ನಿಸಿತು. ಮೈಯಲ್ಲಿ ಅದಕ್ಕೆ ಬೇಕಾದಷ್ಟು ತ್ರಾಣ ಉಳಿದಿರಲಿಲ್ಲ.

ಅಷ್ಟರಲ್ಲಿ ಅವಳ ಸ್ವಂತ ಫೋನಿಗೆ ಸೋಪಕ್ಕನ ಸಂದೇಶ ಬಂತು. 'ಚೆನ್ನಾಗಿ ಬರ್ದಿದ್ದೀಯ ಕಣೆ. ಹೀಗೆ ಬರೀಬೇಕು ಅಂತ ಅಳಿಯ ನಮ್ಮೋರಿಗೆಲ್ಲ ತೋರಿಸ್ದ. ನಂಗೆ ಮಾತ್ರ ಓದ್ತಾ ಓದ್ತಾ ಸ್ವಲ್ಪ ಬೇಜಾರಾಯ್ತು. ತಪ್ಪು ಹುಡುಕೋಕೆ ಏನೂ ಸಿಗ್ಲಿಲ್ಲ.'

ಉತ್ತರ ಬರೆಯಲು ಶುರು ಮಾಡಿದಳು. ಒಂದು ಪದ ಬರೆದಳು, ತೂಗಿದಳು, ಅಳಿಸಿದಳು. ಇನ್ನೊಂದು ಬರೆದಳು. ಬೆರಳು ನಿಂತಿತು. ಇದನ್ನು ಬೇರೆ ಯಾರೂ ಓದುವುದಿಲ್ಲ ಎಂದು ಗೊತ್ತಿದ್ದೂ ಬೆರಳು ಹಾಗೆಯೇ ನಿಂತುಕೊಂಡಿತು.

ಅವಳು ಬರೆಯುವುದನ್ನು ಬಿಟ್ಟು ಫೋನ್ ಮಾಡಿದಳು.

"ಅಕ್ಕಾ, ಇವತ್ತು ನಂಗಿನ್ನೊಂದು ಸಾಲು ಬರೆಯೋಕಾಗಲ್ಲ. ನೀವೇ ಮಾತಾಡಿ, ನಾನು ಕೇಳ್ತೀನಿ."

"ಏನು ಮಾತಾಡ್ಲಿ?"

"ಏನಾದ್ರೂ."

ಸೋಪಕ್ಕ ಗಂಟಲು ಸರಿಮಾಡಿಕೊಂಡು, ಮೊಮ್ಮಗ ಬೆಳಗ್ಗೆ ಅಳಿಯನ ಕಚೇರಿಯ ಮೊಹರನ್ನು ಹೊಟ್ಟೆಯ ತುಂಬ ಒತ್ತಿಕೊಂಡ ಕಥೆ ಶುರು ಮಾಡಿದರು. ಟೀಚರಮ್ಮ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು.