ಪೂರ್ವದ ಗೋಡೆಯ ಸಾರ್ವೆ

ಚಕ್ರಪಾಣಿಯವರು ಕಾಗದ ಓದುವುದಕ್ಕೆ ಮುಂಚೆಯೇ ಕೆಂಪು ಪೆನ್ನು ಕೈಗೆ ತೆಗೆದುಕೊಂಡರು. ಎದುರಿಗೆ ನಿಂತಿದ್ದ ಜಯದೇವಿಗೆ ಅಲ್ಲಿಗೇ ಮನುಷ್ಯ ಅರ್ಥವಾಗಿಹೋದ. ಎರಡು ವರ್ಷ ಇವರ ಕೈಕೆಳಗೆ ದುಡಿದ ಮೇಲೂ ಅವಳಲ್ಲಿ ಇವರ ಬಗ್ಗೆ ಚೂರುಪಾರು ಮರ್ಯಾದೆ ಉಳಿದಿತ್ತು. ಸೀನಿಯರ್ ಮ್ಯಾನೇಜರು, ಮೂವತ್ತು ವರ್ಷದ ಅನುಭವ, ಏನೋ ಒಂದು ತಿಳಿದಿರಬಹುದು ಎಂದುಕೊಂಡಿದ್ದಳು. ಆ ಪೆನ್ನು ನೋಡಿದ ಗಳಿಗೆಯಲ್ಲಿ ಅದೂ ಹೋಯಿತು.

ಅದು ಎಂಬತ್ತಮೂರರ ಸೆಪ್ಟೆಂಬರು. ಕಂಪನಿಯ ಆಫೀಸು ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಪಾತ್ರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಜಯದೇವಿ ದಾವಣಗೆರೆಯಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿ ಬಂದವಳು, ಜೆ.ಪಿ. ನಗರದಿಂದಾಚೆ, ಜರಗನಹಳ್ಳಿಯ ಕಡೆ ಏಳುತ್ತಿದ್ದ ನಾಲ್ಕು ಮಹಡಿಯ ನೌಕರರ ವಸತಿಗೃಹಕ್ಕೆ ಸೈಟ್ ಇಂಜಿನಿಯರು. ಕಂಬ, ಹಲಗೆ ಕಟ್ಟಿ ನಿಲ್ಲಿಸಿದ ಸಾರ್ವೆಯ ಮೇಲೆ ನಿಂತು ಹೊರಗೋಡೆಗಳ ಗಾರೆ ಕೆಲಸ ನಡೆಯುತ್ತಿತ್ತು. ಕಟ್ಟಡದ ಮಾಲೀಕರಾದ ನೌಕರರ ಸಂಘದವರಿಗೆ ದೀಪಾವಳಿಯೊಳಗೆ ಮನೆ ಬಿಟ್ಟುಕೊಡುತ್ತೇವೆಂದು ಚಕ್ರಪಾಣಿಯವರು ಸಭೆಯಲ್ಲಿ ಎದ್ದು ನಿಂತು ಹೇಳಿಬಂದಿದ್ದರು. ಹೇಳುವುದಕ್ಕೆ ಅವರಿಗೇನು, ನಾಲ್ಕನೇ ಮಹಡಿಯ ಎತ್ತರದಲ್ಲಿ ಹಲಗೆಯ ಮೇಲೆ ನಿಲ್ಲುವವರು ಅವರಲ್ಲವಲ್ಲ.

ಕಾಗದದಲ್ಲಿ ಅವಳು ಬರೆದಿದ್ದದ್ದು ಸುತ್ತುಬಳಸಿನ ಮಾತಲ್ಲ. ಪೂರ್ವದ ಗೋಡೆಯ ಸಾರ್ವೆ ಅಪಾಯದಲ್ಲಿದೆ. ಸರ್ವೆ ಮರದ ಕಂಬಗಳನ್ನು ಕಟ್ಟಿದ ತೆಂಗಿನ ನಾರಿನ ಹಗ್ಗ ಎರಡು ತಿಂಗಳ ಮಳೆಗೆ ಕೊಳೆತಿದೆ, ಬೆರಳಲ್ಲಿ ಎಳೆದರೆ ಕಿತ್ತುಬರುತ್ತದೆ. ಒಳಚರಂಡಿ ಕೊಳವೆಗೆ ಅಗೆದು ಮುಚ್ಚಿದ ಮಣ್ಣಿನ ಮೇಲೆ ಮೂರು ಕಂಬ ನಿಂತಿವೆ, ಬುಡದಡಿ ಹಲಗೆಯಿಲ್ಲ. ಅವು ನಾಲ್ಕು ಅಂಗುಲ ಕುಸಿದಿವೆ. ಸಾರ್ವೆಯನ್ನು ಕಟ್ಟಡಕ್ಕೆ ಬಿಗಿದಿದ್ದ ಹದಿನಾಲ್ಕು ಕಟ್ಟುಗಳಲ್ಲಿ ಒಂಬತ್ತನ್ನು ಕಿಟಕಿ ಕೂರಿಸುವವರು ಬಿಚ್ಚಿದ್ದಾರೆ, ಮತ್ತೆ ಯಾರೂ ಕಟ್ಟಿಲ್ಲ. ನಿಲ್ಲುವ ಹಲಗೆಗಳ ತುದಿ ಬಿಗಿದಿಲ್ಲ, ಕೈಹಿಡಿಯಲು ಅಡ್ಡಕಂಬವೂ ಇಲ್ಲ. ಆದ್ದರಿಂದ ಪೂರ್ವದ ಗೋಡೆಯ ಕೆಲಸವನ್ನು ತಕ್ಷಣ ನಿಲ್ಲಿಸಲು ಆದೇಶ ಕೊಡಬೇಕು. ಸಾರ್ವೆಯನ್ನು ಮೇಲಿನಿಂದ ಬಿಚ್ಚಿ ಹೊಸ ಹಗ್ಗದಲ್ಲಿ ಕಟ್ಟಲು ನಾಲ್ಕು ದಿನ ಬೇಕು. ಅಷ್ಟು ದಿನ ಆ ಜನಕ್ಕೆ ಒಳಗೋಡೆಗಳ ಗಾರೆ ಕೆಲಸ ಕೊಡಬಹುದು, ಯಾರೂ ಕೂಲಿ ಕಳೆದುಕೊಳ್ಳಬೇಕಾಗಿಲ್ಲ.

ಇದನ್ನು ಬರೆಸಿದ್ದು ಹಿಂದಿನ ದಿನದ ಸಂಗತಿ. ಗಾರೆ ಹೊರುವ ಸಪ್ಪಲಮ್ಮ ಎರಡನೇ ಅಂತಸ್ತಿನಲ್ಲಿ ಬಾಣಲಿ ದಾಟಿಸುತ್ತಿದ್ದಾಗ ಕಾಲ ಕೆಳಗಿನ ಹಲಗೆ ಜಾರಿತು. ಬಾಣಲಿ ಕೆಳಗೆ ಬಿತ್ತು, ಅವಳು ಕಂಬವನ್ನು ಅಪ್ಪಿಕೊಂಡು ಉಳಿದಳು. ಇಳಿದುಬಂದು ನೀರು ಕುಡಿದು, ಬಾಣಲಿಯ ಡೊಂಕು ಕಲ್ಲಿನಲ್ಲಿ ಕುಟ್ಟಿ ಸರಿಮಾಡಿ, ಮತ್ತೆ ಹತ್ತಿದಳು. ಅವಳು ಮತ್ತೆ ಹತ್ತಿದ್ದನ್ನು ನೋಡಿಯೇ ಜಯದೇವಿಗೆ ತನ್ನ ಮೇಲೆ ಹೇಸಿಗೆಯಾಯಿತು. ತಾನು ಎರಡು ಸಲ ಬಾಯಲ್ಲಿ ಹೇಳಿ, ಮ್ಯಾನೇಜರು "ನೋಡೋಣ" ಎಂದದ್ದನ್ನು ಕೇಳಿ, ಸುಮ್ಮನಾಗಿದ್ದವಳಲ್ಲವೆ?

ಚಕ್ರಪಾಣಿಯವರು ಎರಡು ಕಡೆ ಗೀಟು ಹಾಕಿ, ಒಂದು ಪದಕ್ಕೆ ಸುತ್ತು ಹಾಕಿದರು. ಇಂಗ್ಲಿಷಿನಲ್ಲಿ ಬರೆದ ಕಾಗದ. ಅವರ ಕಣ್ಣು ಭಾಷೆಯ ತಪ್ಪುಗಳಲ್ಲೇ ನಿಂತಿತ್ತು.

"ಬಿ.ಇ. ಓದಿದೀರಾ, ಒಂದು ಕಾಮಾ ಹಾಕಕ್ಕೆ ಬರಲ್ವೇನಮ್ಮಾ?"

"ಕಾಮಾ ನೀವೇ ಹಾಕ್ಕೊಳಿ ಸಾರ್. ಕೆಲಸ ನಿಲ್ಸೋದು ಯಾವಾಗ, ಹೇಳಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡು, ತಾವು ಕಂಡ ಸಾರ್ವೆಗಳ ಪುರಾಣ ತೆಗೆದರು. ತಮ್ಮ ಕಾಲದಲ್ಲಿ ಇದಕ್ಕಿಂತ ಹಳೆಯ ಹಗ್ಗದಲ್ಲಿ ಇದಕ್ಕಿಂತ ಎತ್ತರ ಕಟ್ಟಿದ್ದರಂತೆ. ಸಾರ್ವೆ ಅಂದರೆ ಅಲ್ಲಾಡಲೇಬೇಕಂತೆ. ಹೆಣ್ಣುಮಕ್ಕಳಿಗೆ ಎತ್ತರ ನೋಡಿದರೆ ತಲೆ ಸುತ್ತುವುದು ಸಹಜವಂತೆ, ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲವಂತೆ. ಕೊನೆಗೆ, ಸಾರ್ವೆ ಕಟ್ಟಿಸುವುದು ಮೇಸ್ತ್ರಿಯ ಜವಾಬ್ದಾರಿ, ಗಾರೆ ಮಟ್ಟಸವಾಗಿದೆಯೇ ನೋಡುವುದು ನಿಮ್ಮದು ಎಂದು ಹೇಳಿ ಕಾಗದವನ್ನು ಮೇಜಿನ ಮೇಲೆ ಅವಳತ್ತ ತಳ್ಳಿದರು. ವಾಪಸು ತೆಗೆದುಕೊಂಡು ಹೋಗಿ, ಇಂಥವನ್ನೆಲ್ಲ ಬರವಣಿಗೆಯಲ್ಲಿ ಇಡಬಾರದು ಎಂದರು.

ಜಯದೇವಿ ಕಾಗದ ಮುಟ್ಟಲಿಲ್ಲ. ಹೊರಗೆ ಬಂದು ಗಂಗಾಧರಯ್ಯನವರ ಮೇಜಿನ ಮುಂದೆ ನಿಂತಳು. ಬಂದ ಪತ್ರಗಳಿಗೆ ನಂಬರು ಹಾಕಿ ಸೀಲು ಒತ್ತುವ ಗುಮಾಸ್ತರು ಅವರು. ಬ್ಯಾಗಿನಲ್ಲಿದ್ದ ಕಾಗದದ ಎರಡನೇ ಪ್ರತಿಯನ್ನು ಅವರ ಮುಂದಿಟ್ಟಳು. ಗಂಗಾಧರಯ್ಯ ಮೊದಲು ಮ್ಯಾನೇಜರ ಬಾಗಿಲು ನೋಡಿದರು, ಆಮೇಲೆ ಗಡಿಯಾರ ನೋಡಿದರು, ಕೊನೆಗೆ ಸೀಲನ್ನು ಎಷ್ಟು ಮೆತ್ತಗೆ ಒತ್ತಿದರೆಂದರೆ ತಾರೀಖೇ ಮೂಡಲಿಲ್ಲ.

"ಇನ್ನೊಂದ್ಸಲ ಒತ್ತಿ. ತಾರೀಖು ಕಾಣಬೇಕು," ಎಂದಳು.

ಒತ್ತಿದರು. ಅಪರಾಧ ಮಾಡಿದವರ ಹಾಗೆ ಕೈ ಒರೆಸಿಕೊಂಡರು. ಇಂಥ ಜನರ ನಡುವೆ ಒಂದು ಕಟ್ಟಡ ಹೇಗೆ ಎದ್ದು ನಿಲ್ಲುತ್ತದೆ ಎಂಬುದೇ ಅವಳಿಗೆ ಆಶ್ಚರ್ಯವಾಗಿತ್ತು.

ಸೈಟಿಗೆ ಮರಳಿದಾಗ ಸಂಜೆಯಾಗಿತ್ತು, ಜನ ಇಳಿಯುತ್ತಿದ್ದರು. ಸಾರ್ವೆ ಮೇಸ್ತ್ರಿ ವೆಂಕಟಸ್ವಾಮಿಯನ್ನು ಕರೆದು, ನಾಳೆ ಪೂರ್ವದ ಕಡೆ ಯಾರನ್ನೂ ಹತ್ತಿಸಬೇಡಿ ಎಂದಳು. ಅವನನ್ನು ಕಂಡರೂ ಅವಳಿಗೆ ಅಷ್ಟಕ್ಕಷ್ಟೆ. ಹಗ್ಗ ಉಳಿಸಲು ಜನರ ಪ್ರಾಣದ ಜೊತೆ ಆಡುವ ಲೋಭಿ ಎಂದೇ ಎಣಿಸಿದ್ದಳು. ಅದನ್ನು ಮುಖಕ್ಕೇ ಅಂದೂಬಿಟ್ಟಳು.

ವೆಂಕಟಸ್ವಾಮಿ ಬೀಡಿ ಆರಿಸಿ, ಬನಿಯನ್ ಒಳಗಿಂದ ಮಡಿಸಿದ ಮೂರು ಚೀಟಿ ತೆಗೆದ. ಜೂನ್‌ನಲ್ಲಿ, ಜುಲೈನಲ್ಲಿ, ಆಗಸ್ಟ್‌ನಲ್ಲಿ ಹೊಸ ಹಗ್ಗ ಬೇಕೆಂದು ಅವನು ಹೆಬ್ಬೆಟ್ಟು ಒತ್ತಿ ಕಳಿಸಿ, ಆಫೀಸಿನಿಂದ ವಾಪಸು ಬಂದಿದ್ದ ಬೇಡಿಕೆಗಳು. ಮೂರಕ್ಕೂ ಕೆಂಪು ಶಾಯಿಯಲ್ಲಿ ಅಡ್ಡಗೀಟು ಬಿದ್ದಿತ್ತು.

"ನಂಗೆ ಓದಕ್ ಬರಲ್ಲ ಮೇಡಂ. ಆದ್ರೆ ಗೀಟು ಗೊತ್ತಾಯ್ತದೆ," ಎಂದ.

ಅವಳು ಚೀಟಿಗಳನ್ನು ಮತ್ತೆ ಮಡಿಸಿ ಅವನ ಕೈಗೆ ಕೊಟ್ಟಳು. ಸಪ್ಪಲಮ್ಮ ಪಕ್ಕದಲ್ಲೇ ಕಾಲು ತೊಳೆಯುತ್ತಿದ್ದಳು. ಕೆಲಸ ನಿಂತರೆ ನಮ್ಮ ಕೂಲಿ ಯಾರು ಕೊಡುತ್ತಾರೆ, ಹೊಟ್ಟೆಗೆ ಸಾರ್ವೆ ಕಟ್ಟಕ್ಕಾಗುತ್ತಾ ಎಂದು ಕೇಳಿದಳು. ಒಳಗೆ ಕೆಲಸ ಇದೆ, ಹಾಜರಿ ನಾನು ಬರೆಯುತ್ತೇನೆ ಎಂದು ಜಯದೇವಿ ಹೇಳಿದಳು. ಸಪ್ಪಲಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ನಂಬಿದ ಲಕ್ಷಣವೇನೂ ಕಾಣಲಿಲ್ಲ.

ಮರುದಿನ ಒಂಬತ್ತಕ್ಕೆ ಚಕ್ರಪಾಣಿಯವರ ಅಂಬಾಸಿಡರ್ ಬಂತು. ಸೀಲು ಬಿದ್ದ ಕಾಗದಕ್ಕೆ ಏನಾದರೊಂದು ಉತ್ತರ ಹುಟ್ಟಬೇಕಿತ್ತು. ಅದನ್ನು ಜನರೆದುರೇ ಹುಟ್ಟಿಸಿ ಈ ಹುಡುಗಿಗೆ ಪಾಠ ಕಲಿಸೋಣವೆಂದು ಬಂದಿದ್ದರು. ಸಫಾರಿ ಸೂಟಿನ ಪ್ಯಾಂಟು ಎತ್ತಿ ಹಿಡಿದು ಕೆಸರು ದಾಟಿದರು. ಗಾರೆಯವರು, ಹೆಣ್ಣಾಳುಗಳು, ಕಿಟಕಿಯವರು ಎಲ್ಲ ಸುತ್ತ ಸೇರಿದರು. ಚಕ್ರಪಾಣಿಯವರು ಹತ್ತಿರದ ಕಂಬವೊಂದನ್ನು ಎರಡು ಬೆರಳಲ್ಲಿ ಹಿಡಿದು, ಬಾಳೆಹಣ್ಣು ಕಳಿತಿದೆಯೇ ನೋಡುವವರ ಹಾಗೆ ಒತ್ತಿ, ಕಲ್ಲಿನ ಹಾಗಿದೆ ಎಂದು ತೀರ್ಪು ಕೊಟ್ಟರು. ಇಂಜಿನಿಯರಮ್ಮನಿಗೆ ಸ್ವಲ್ಪ ಹೆದರಿಕೆ ಜಾಸ್ತಿ, ನೀವು ಹತ್ತಿ ಎಂದರು. ಒಂದಿಬ್ಬರು ನಕ್ಕರು.

ಜಯದೇವಿ ಆಫೀಸ್ ಶೆಡ್ಡಿನಿಂದ ಸೈಟ್ ಆರ್ಡರ್ ಪುಸ್ತಕ ತಂದಳು. ಮೇಲಿನವರು ಸೈಟಿಗೆ ಕೊಡುವ ಆದೇಶಗಳನ್ನೆಲ್ಲ ಬರೆದು ಸಹಿ ಹಾಕುವ ಪುಸ್ತಕ. ಹೊಸ ಪುಟ ತೆರೆದು ಅವರ ಮುಂದೆ ಹಿಡಿದಳು.

"ನಾನು ನೋಡಿದೀನಿ, ಸಾರ್ವೆ ಭದ್ರವಾಗಿದೆ, ಕೆಲಸ ನಡೀಬಹುದು ಅಂತ ಬರೆದು ಸೈನ್ ಹಾಕಿ ಸಾರ್. ಈಗಲೇ ಹತ್ತಿಸ್ತೀನಿ."

ಚಕ್ರಪಾಣಿ ಅವಳ ಬಾಲ್ ಪೆನ್ನು ಕಿತ್ತುಕೊಂಡವರಂತೆ ತೆಗೆದುಕೊಂಡರು. ತಾರೀಖು ಬರೆದರು. ಪೂರ್ವದ ಗೋಡೆ ಎಂದು ಬರೆದರು. ಆಮೇಲೆ ಪೆನ್ನು ನಿಂತಿತು. ಅವರು ತಲೆಯೆತ್ತಿ ಸಾರ್ವೆಯನ್ನು, ಬಹುಶಃ ಅವತ್ತು ಮೊದಲ ಸಲ, ನಿಜವಾಗಿ ನೋಡಿದರು. ಮೂರು ಕಂಬಗಳು ಮಿಕ್ಕವಕ್ಕಿಂತ ಕೆಳಗಿರುವುದು ಯಾರಿಗಾದರೂ ಕಾಣುವಂತಿತ್ತು. ಅವರು ಬರೆದಷ್ಟನ್ನು ಹೊಡೆದುಹಾಕಿ ಪುಸ್ತಕ ಮುಚ್ಚಿದರು.

"ಇದೆಲ್ಲ ಆಫೀಸಲ್ಲಿ ಬರೆಯೋದು. ನಿಂತ್ಕೊಂಡು ಬರೆಯೋದಲ್ಲ."

"ಶೆಡ್ಡಲ್ಲಿ ಕುರ್ಚಿ ಇದೆ ಸಾರ್," ಎಂದಳು ಜಯದೇವಿ.

ಅವರು ಕಾರಿನತ್ತ ನಡೆದರು. ವೆಂಕಟಸ್ವಾಮಿ ಅವರ ಬೆನ್ನಿಗೆ ಕೇಳಿಸುವಷ್ಟೇ ಗಟ್ಟಿಯಾಗಿ, "ನಮ್ಮನ್ನ ಹತ್ಸಕ್ಕೆ ಬಾಯಿ ಬರ್ತದೆ, ಸೈನ್ ಹಾಕಕ್ಕೆ ಕೈ ಬರಲ್ಲ," ಎಂದ. ಆಮೇಲೆ ತನ್ನವರ ಕಡೆ ತಿರುಗಿ, ಇವತ್ತು ಒಳಗಿನ ಗೋಡೆ ಗಾರೆ ಮಾಡ್ರಪ್ಪಾ ಎಂದ. ಒಬ್ಬರೂ ಸಾರ್ವೆ ಹತ್ತಲಿಲ್ಲ. ಸಪ್ಪಲಮ್ಮ ಎಲ್ಲರಿಗಿಂತ ಮೊದಲು ಬಾಣಲಿ ಎತ್ತಿಕೊಂಡು ಒಳಗೆ ಹೋದಳು.

ಮಧ್ಯಾಹ್ನದ ಹೊತ್ತಿಗೆ ಆಫೀಸಿನಿಂದ ಲಾರಿಯಲ್ಲಿ ಹೊಸ ಹಗ್ಗದ ಸುರುಳಿಗಳು ಬಂದಿಳಿದವು. ಜೊತೆಗೆ ಚೀಟಿಯೂ ಇರಲಿಲ್ಲ, ಮಾತೂ ಇರಲಿಲ್ಲ. ಬಿಚ್ಚುವ ಕೆಲಸ ಮೇಲಿನಿಂದ ಶುರುವಾಯಿತು. ಬಿಚ್ಚುವವರ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಒಳಗಿನ ಕಾಂಕ್ರೀಟ್ ಕಂಬಗಳಿಗೆ ಬಿಗಿಸಿ, ಕೆಳಗೆ ಯಾರೂ ಸುಳಿಯದಂತೆ ಜಯದೇವಿ ತಾನೇ ನಿಂತಳು. ಎರಡನೇ ದಿನ ಮೂರನೇ ಅಂತಸ್ತಿನಲ್ಲಿ ಒಂದು ಗಂಟು ಸಿಕ್ಕಿತು. ಹಗ್ಗ ಪೂರ್ತಿ ಕೊಳೆತುಹೋಗಿ, ಎರಡು ಕಂಬಗಳು ಮೇಲಿಂದ ಚೆಲ್ಲಿ ಒಣಗಿದ ಗಾರೆಯ ಅಂಟಿನಿಂದಷ್ಟೇ ಕೂಡಿಕೊಂಡಿದ್ದವು. ವೆಂಕಟಸ್ವಾಮಿ ಕರಣೆಯ ಹಿಡಿಯಿಂದ ಒಮ್ಮೆ ತಟ್ಟಿದ. ಗಾರೆ ಉದುರಿತು, ಕಂಬ ಬಿಟ್ಟುಕೊಂಡಿತು. ಆ ಜಾಗದಲ್ಲಿ ಮೂರು ವಾರದಿಂದ ಆರು ಜನ ನಿಂತು ಕೆಲಸ ಮಾಡಿದ್ದರು. ಅವರಲ್ಲೊಬ್ಬ ಆ ದಿನ ಊಟ ಮಾಡಲಿಲ್ಲ.

ಐದನೇ ದಿನ ಹೊಸ ಸಾರ್ವೆಯ ಮೇಲೆ ಕೆಲಸ ಮತ್ತೆ ಆರಂಭವಾಯಿತು. ಎಂಟನೇ ದಿನ ಎರಡು ಕಾಗದ ಬಂದವು. ಒಂದು, ಮಾಲೀಕ ಸಂಘಕ್ಕೆ ಚಕ್ರಪಾಣಿಯವರು ಬರೆದ ಪತ್ರದ ನಕಲು. ತಾವು ಖುದ್ದಾಗಿ ಪರಿಶೀಲಿಸಿದಾಗ ಸಾರ್ವೆಯಲ್ಲಿ ದೋಷಗಳು ಕಂಡುಬಂದದ್ದರಿಂದ, ಕಾರ್ಮಿಕರ ಹಿತದೃಷ್ಟಿಯಿಂದ ಕೆಲಸ ನಿಲ್ಲಿಸಲು ಆದೇಶಿಸಿದ್ದಾಗಿ ಬರೆದಿದ್ದರು. ಕೆಳಗೆ ಜಯದೇವಿಯ ಅಂಶಗಳೇ ಸಾಲಾಗಿ ಇದ್ದವು, ಒಂದೂ ಬಿಟ್ಟಿರಲಿಲ್ಲ. ಇನ್ನೊಂದು ಅವಳಿಗೇ ಬಂದ ಮೆಮೊ. ಮೇಲಧಿಕಾರಿಯನ್ನು ಕೂಲಿಗಳೆದುರು ಮುಜುಗರಕ್ಕೆ ಗುರಿಮಾಡಿದ್ದಕ್ಕಾಗಿ ಸೋಮವಾರದಿಂದ ಕುಮಾರಸ್ವಾಮಿ ಲೇಔಟಿನ ಗೋಡೌನಿನಲ್ಲಿ ಸಿಮೆಂಟ್ ಮೂಟೆಗಳ ಉಸ್ತುವಾರಿ.

ಸಿಟ್ಟು ಬರಬಹುದೆಂದು ಅವಳು ಎಣಿಸಿದ್ದಳು. ಬರಲಿಲ್ಲ. ಸಿಟ್ಟು ಮಾಡಿಕೊಳ್ಳಲೂ ಎದುರಿಗಿರುವವನಿಗೆ ಒಂದಿಷ್ಟು ತೂಕ ಬೇಕು. ಕಳ್ಳತನ ಮಾಡುವಾಗಲೂ ಪಟ್ಟಿಯನ್ನು ಅದೇ ಕ್ರಮದಲ್ಲಿ ಇಳಿಸಿಕೊಂಡ ಆ ಮನುಷ್ಯನಿಗೆ ಸ್ವಂತದ್ದೊಂದು ಸುಳ್ಳು ಹೊಸೆಯುವ ಯೋಗ್ಯತೆಯೂ ಇರಲಿಲ್ಲ.

ಗೋಡೌನಿನಲ್ಲಿ ಅವಳು ಏಳು ತಿಂಗಳಿದ್ದಳು. ಕಟ್ಟಡ ಮುಗಿಯಿತು, ಯಾರೂ ಬೀಳಲಿಲ್ಲ. ಉದ್ಘಾಟನೆಯಲ್ಲಿ ಚಕ್ರಪಾಣಿಯವರಿಗೆ ಶಾಲು ಹೊದಿಸಿದರೆಂದು ಗಂಗಾಧರಯ್ಯ ಪಿಸುಗುಟ್ಟಿದರು. ಬೇರೊಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ರಾಜೀನಾಮೆ ಕೊಡುವ ದಿನ ಗೋಡೌನಿನಿಂದ ನೇರವಾಗಿ ಜಯನಗರಕ್ಕೆ ಹೋದಳು. ಚಕ್ರಪಾಣಿಯವರು ಕಾಗದದ ಮೇಲೆ ಸಹಿ ಹಾಕಿ, ದೊಡ್ಡ ಮನಸ್ಸಿನವರ ಹಾಗೆ ಎದ್ದು, ಒಳ್ಳೆಯದಾಗಲಿ ಎಂದು ಕೈ ಚಾಚಿದರು.

ಜಯದೇವಿ ಆ ಕೈಯನ್ನು ನೋಡಿದಳು.

"ಕೈಯೆಲ್ಲ ಸಿಮೆಂಟು ಸಾರ್," ಎಂದು ಹೇಳಿ ಮೆಟ್ಟಿಲಿಳಿದಳು.