ಎಲ್ಲರಿಗೂ ಅಳಿಸು

ಒಂಟಿಕೊಪ್ಪಲ್‌ನ ಟೈಲರ್ ಪ್ರೇಮಲೀಲಾ ರವಿಕೆ ಕತ್ತರಿಸುವಾಗ ಫೋನು ಮುಟ್ಟುತ್ತಿರಲಿಲ್ಲ. ಅವರು ಹೇಳಿದ್ದನ್ನು ವಾಟ್ಸಾಪಿನಲ್ಲಿ ಟೈಪು ಮಾಡುವ ಕೆಲಸ ಹುಕ್ಸ್ ಹೊಲಿಯುವ ಧನುಶ್ರೀಯದು. ಆ ಮಧ್ಯಾಹ್ನ ಮದುವೆ ಹುಡುಗಿ ಸಿಂಚನಳ ತಾಯಿಗೆ ಹೀಗೆ ಬರೆಸಿದರು: ‘ಸಿಂಚನ ದಪ್ಪ ಆಗಿದಾಳೆ, ಮತ್ತೆ ಅಳತೆ ಬೇಕು. ಗಂಡಿನ ಕಡೆಯವರಿಗೆ ಗೊತ್ತಾಗೋದು ಬೇಡ.’

ಧನುಶ್ರೀ ಕಳಿಸಿ ಸೂಜಿ ಹಿಡಿದಳು. ಮೂರನೇ ರವಿಕೆ ಮುಗಿದ ಮೇಲೆ ಫೋನು ನೋಡಿದಳು. ಸಂದೇಶ ಹೋಗಿದ್ದು ‘ಸಿಂಚನ ಅಮ್ಮ’ನಿಗಲ್ಲ, ಅದರ ಮೇಲಿದ್ದ ‘ಸಿಂಚನ ಮದುವೆ ರವಿಕೆ’ ಗುಂಪಿಗೆ. ಎರಡೂ ಕಡೆಯ ಹೆಂಗಸರು ತಮ್ಮ ರವಿಕೆಯ ಸುದ್ದಿ ಕೇಳಲೆಂದು ಸಿಂಚನಳೇ ಮಾಡಿದ್ದ ಗುಂಪು ಅದು.

ತಿದ್ದೋಣವೆಂದು ಸಂದೇಶವನ್ನು ಒತ್ತಿ ಹಿಡಿದಳು. ತಿದ್ದುವ ಆಯ್ಕೆ ಇರಲಿಲ್ಲ. ಕಳಿಸಿ ಹದಿನೈದು ನಿಮಿಷ ಕಳೆದರೆ ಅದು ಸಿಗುವುದಿಲ್ಲ. ಅಳಿಸಲು ಮಾತ್ರ ಎರಡು ದಿನಕ್ಕೂ ಮೇಲೆ ಸಮಯವಿತ್ತು. ಅದನ್ನು ಅವಳು ಮೆಲ್ಲಗೆ ಹೇಳುವಷ್ಟರಲ್ಲಿ ಪ್ರೇಮಲೀಲಾ ಫೋನು ಕಿತ್ತುಕೊಂಡು, ಕನ್ನಡಕವಿಲ್ಲದೆ, ಕೈಗೆ ಸಿಕ್ಕಿದ್ದನ್ನು ಒತ್ತಿದರು.

“ಹೋಯ್ತು ಬುಡು.”

“ನಿಮ್ಮ ಫೋನಿಂದ ಮಾತ್ರ ಹೋಯ್ತು ಕಣಕ್ಕಾ. ‘ಎಲ್ಲರಿಗೂ ಅಳಿಸು’ ಅನ್ನೋದನ್ನ ಒತ್ಬೇಕಿತ್ತು.”

ಪರದೆಯ ಕೆಳಗೆ, ಅಳಿಸಿದ್ದನ್ನು ರದ್ದು ಮಾಡುವ ಗುಂಡಿಯೊಂದು ಕಾಣಿಸಿತ್ತು. ಅವರು ವಾದಿಸುತ್ತಿರುವಾಗಲೇ ಅದೂ ಮಾಯವಾಯಿತು. ಇನ್ನು ಆ ಸಂದೇಶ ಇವರೊಬ್ಬರನ್ನು ಬಿಟ್ಟು ಎಲ್ಲರಿಗೂ ಕಾಣುತ್ತದೆ. ಅದನ್ನು ತೆಗೆಯಬಲ್ಲವಳು ಗುಂಪಿನ ಅಡ್ಮಿನ್ ಒಬ್ಬಳೇ. ಅಡ್ಮಿನ್ ಸಿಂಚನ.

ಪ್ರೇಮಲೀಲಾ ಕೊನೆಗೆ ಸಿಂಚನಳಿಗೇ ಫೋನು ಮಾಡಿ ನಡೆದದ್ದನ್ನು ಹೇಳಿದರು. ತಪ್ಪು ತಮ್ಮದೆಂದರು, ಧನುಶ್ರೀಯ ಹೆಸರು ಎತ್ತಲಿಲ್ಲ.

“ನಾನು ಅಳಿಸಿದ್ರೆ ಅಡ್ಮಿನ್ ಸಿಂಚನ ಅಳಿಸಿದಾಳೆ ಅಂತ ನನ್ನ ಹೆಸರೇ ಬರುತ್ತೆ ಆಂಟಿ,” ಎಂದಳು ಸಿಂಚನ. “ಆಗ ಓದದೆ ಇದ್ದೋರೂ ಓದಿದೋರನ್ನ ಕೇಳ್ತಾರೆ.” ಕರೆ ಮುಗಿಯಿತು.

ಗುಂಪಿನಲ್ಲಿ ಯಾರೂ ಏನೂ ಬರೆದಿರಲಿಲ್ಲ. ಸ್ವಲ್ಪ ಹೊತ್ತಿಗೆ ಸಿಂಚನಳ ಸಾಲು ಬಂತು: ‘ಟೈಲರ್ ಆಂಟಿ ಬೇರೆ ಯಾರದೋ ಮೆಸೇಜ್ ಹಾಕಿದಾರೆ.’ ಪ್ರೇಮಲೀಲಾ ನಿಟ್ಟುಸಿರು ಬಿಟ್ಟರು. ಧನುಶ್ರೀ ಬಿಡಲಿಲ್ಲ. ಹೆಸರು ಹಿಡಿದು ಬರೆದ ಮೇಲೆ ಬೇರೆಯವರದು ಹೇಗಾಗುತ್ತದೆ?

ಅವಳು ನೋಡುತ್ತಿದ್ದಂತೆಯೇ ಅದೇ ಸಾಲು ಬದಲಾಯಿತು. ಸಿಂಚನಳಿಗೆ ತಿದ್ದಲು ಇರುವ ಹದಿನೈದು ನಿಮಿಷ ಇನ್ನೂ ಮುಗಿದಿರಲಿಲ್ಲ.

‘ಹೌದು, ದಪ್ಪ ಆಗಿದೀನಿ. ನಾಳೆ ಬಂದು ಅಳತೆ ಕೊಡ್ತೀನಿ.’

ಪಕ್ಕದಲ್ಲಿ, ತಿದ್ದಿದ್ದಾರೆ ಎಂಬ ಸಣ್ಣ ಗುರುತು. ಮೊದಲು ಇದ್ದದ್ದನ್ನು ಗಂಡಿನ ಕಡೆಯ ಯಾರಾದರೂ ಓದಿದ್ದರೋ ಇಲ್ಲವೋ ಗೊತ್ತಾಗಲಿಲ್ಲ. ತುಂಬಾ ಹೊತ್ತಿನ ಮೇಲೆ ಹುಡುಗನ ತಾಯಿಯಿಂದ ಬಂದದ್ದು ಒಂದೇ ಮಾತು: ‘ಸರಿ ಕಣಮ್ಮ.’

ಆ ಮಾತಿನಲ್ಲಿ ಏನಿದೆಯೆಂದು ಪ್ರೇಮಲೀಲಾ ಎರಡು ಸಲ ಓದಿಸಿದರು. ಧನುಶ್ರೀಗೂ ತಿಳಿಯಲಿಲ್ಲ. ಅವಳು ಮದುವೆಯ ರವಿಕೆಯ ಒಳಮೈಯನ್ನು ಹೊರಗೆ ಮಾಡಿ, ಸಡಿಲಿಸಲು ಪಕ್ಕದ ಹೊಲಿಗೆಯಾಚೆ ಎಷ್ಟು ಬಟ್ಟೆ ಬಿಟ್ಟಿದೆ ಎಂದು ನೋಡಿದಳು. ಸಾಕಾಗುವಷ್ಟಿತ್ತು.